ನಾರಿನಂಶ ಏರಿಸಿದ ಮೊದಲ ವಾರಗಳು: ಹೊಟ್ಟೆಯ ಗ್ಯಾಸ್ ಹುಟ್ಟುವುದೆಲ್ಲಿ, ಕರಗುವುದೆಲ್ಲಿ

ದಿನದ ಊಟದಲ್ಲಿ ನಾರಿನಂಶವನ್ನು ಆದಷ್ಟು ಹೆಚ್ಚಿಸಿಕೊಳ್ಳುವ ‘ಫೈಬರ್‌ಮ್ಯಾಕ್ಸಿಂಗ್’ ಎಂಬ ಗೀಳು 2025ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು. ಗೀಳು ಹೊಸದಾದರೂ ಅದರ ಬೆನ್ನಿಗೇ ಬರುವ ದೂರು ಹಳೆಯದು. ಊಟ ಬದಲಿಸಿದ ಮೂರು ನಾಲ್ಕು ದಿನಗಳಲ್ಲೇ ಹೊಟ್ಟೆ ಉಬ್ಬಿ ಬಿಗಿಯುತ್ತದೆ, ಸಂಜೆಯ ಹೊತ್ತಿಗೆ ಕರುಳು ನುಲಿದಂತಾಗುತ್ತದೆ, ಗ್ಯಾಸ್ ಹೋಗುವುದು ಮುಜುಗರ ತರುವಷ್ಟು ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ಕೆಲವರು ತಮ್ಮ ದೇಹಕ್ಕೆ ನಾರು ಒಗ್ಗುವುದೇ ಇಲ್ಲವೆಂದು ತೀರ್ಮಾನಿಸಿ ಹಳೆಯ ಊಟಕ್ಕೆ ಮರಳುತ್ತಾರೆ; ಇನ್ನು ಕೆಲವರು ದೇಹದ ಕಶ್ಮಲವೆಲ್ಲ ಹೊರಬೀಳುತ್ತಿದೆ ಎಂದು ನಂಬಿ ಹಲ್ಲುಕಚ್ಚಿ ಮುಂದುವರಿಯುತ್ತಾರೆ. ಎರಡಕ್ಕೂ ಆಧಾರವಿಲ್ಲ. ನಿಜವಾಗಿ ನಡೆಯುವುದೇನೆಂದರೆ, ದೊಡ್ಡ ಕರುಳಿನಲ್ಲಿ ಗ್ಯಾಸ್ ಹುಟ್ಟಿಸುವ ಕೆಲಸ ಮತ್ತು ಹುಟ್ಟಿದ ಗ್ಯಾಸನ್ನು ಬಳಸಿಬಿಡುವ ಕೆಲಸ ಬಹುಮಟ್ಟಿಗೆ ಬೇರೆಬೇರೆ ಸೂಕ್ಷ್ಮಾಣುಗಳ ಪಾಲಾಗಿವೆ. ಮೊದಲನೆಯದು ಊಟವಾದ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ, ಎರಡನೆಯದು ಅದಕ್ಕೆ ಸರಿಸಮನಾಗಿ ಬೆಳೆಯಲು ವಾರಗಳು ಬೇಕು. ಮೊದಲ ವಾರಗಳ ಸಂಕಟದ ಬಹುಪಾಲು ಈ ಅಂತರದಿಂದಲೇ ಬರುತ್ತದೆ.

ನಾರು ಎಂದರೆ ನಮ್ಮ ಸಣ್ಣ ಕರುಳಿನ ಕಿಣ್ವಗಳು ಒಡೆಯಲಾರದ ಸಸ್ಯಮೂಲದ ಶರ್ಕರಗಳ ಒಂದು ದೊಡ್ಡ ಗುಂಪು. ಕಾಳುಗಳಲ್ಲಿರುವ ರ‍್ಯಾಫಿನೋಸ್ ಮತ್ತು ಸ್ಟಾಕಿಯೋಸ್ ಎಂಬ ಪುಟ್ಟ ಶರ್ಕರಗಳನ್ನು ಒಡೆಯಲು ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ಮನುಷ್ಯನ ಸಣ್ಣ ಕರುಳು ಅದನ್ನು ಸ್ರವಿಸುವುದಿಲ್ಲ. ಆದ್ದರಿಂದ ಅವು ಉಂಡ ಸುಮಾರು ನಾಲ್ಕರಿಂದ ಆರು ಗಂಟೆಗಳಲ್ಲಿ ಇದ್ದ ಹಾಗೆಯೇ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುತ್ತವೆ. ಈ ಹುದುಗುವಿಕೆಯಿಂದ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ, ನಾರಿನ ಊಟದಿಂದ ಕರುಳಿಗೆ ಸಿಗುವ ಲಾಭದ ದೊಡ್ಡ ಪಾಲೂ ಈ ಆಮ್ಲಗಳಿಂದಲೇ ಬರುತ್ತದೆ. ಅದೇ ಕ್ರಿಯೆಯ ಉಪ ಉತ್ಪನ್ನಗಳಾಗಿ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಹೊರಬರುತ್ತವೆ. ಹಾಗಾಗಿ ಹುದುಗುವ ನಾರಿನ ಲಾಭವಷ್ಟೇ ಬೇಕು, ಗ್ಯಾಸ್ ಮಾತ್ರ ಬೇಡ ಎಂದರೆ ಪೂರ್ತಿ ಸಾಧ್ಯವಾಗುವುದಿಲ್ಲ.

ಎಲ್ಲ ನಾರೂ ಒಂದೇ ವೇಗದಲ್ಲಿ ಹುದುಗುವುದಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಕಾಳಿನ ಶರ್ಕರಗಳು, ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್‌ಗಳು, ಚಿಕೋರಿ ಬೇರಿನಿಂದ ತೆಗೆದು ‘ನಾರು ಸೇರಿಸಿದ’ ತಿನಿಸುಗಳಲ್ಲಿ ಬೆರೆಸುವ ಇನುಲಿನ್, ಇವು ದೊಡ್ಡ ಕರುಳಿನ ಮೊದಲ ಭಾಗದಲ್ಲೇ ಬೇಗನೆ ಹುದುಗಿ ಒಮ್ಮೆಲೇ ಗ್ಯಾಸ್ ಬಿಡುತ್ತವೆ. ಓಟ್ಸ್‌ನ ಬೀಟಾ-ಗ್ಲೂಕಾನ್ ಕೂಡ ಹುದುಗುತ್ತದೆ, ಆದರೆ ಅದರ ಅಂಟುಗುಣದಿಂದಾಗಿ ಕೊಂಚ ನಿಧಾನ. ಗೋಧಿ ತೌಡಿನ ಒರಟು ನಾರು ಹುದುಗುವುದು ಕಡಿಮೆ. ಅದರ ಕೆಲಸವೇನಿದ್ದರೂ ಮಲದ ಗಾತ್ರ ಹೆಚ್ಚಿಸಿ ಮುಂದಕ್ಕೆ ತಳ್ಳುವುದು. ಇಸಬ್ಗೋಲ್ ನೀರು ಹಿಡಿದು ಲೋಳೆಯಾಗುತ್ತದೆಯೇ ಹೊರತು ಹೆಚ್ಚೇನೂ ಹುದುಗುವುದಿಲ್ಲ. ಪೊಟ್ಟಣದ ಮೇಲೆ ಅಚ್ಚಾಗಿರುವ ನಾರಿನ ಗ್ರಾಂ ಲೆಕ್ಕ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಎಂಟು ಗ್ರಾಂ ತೌಡಿನ ನಾರಿಗೂ ಎಂಟು ಗ್ರಾಂ ಇನುಲಿನ್‌ಗೂ ಪಟ್ಟಿಯಲ್ಲಿ ಒಂದೇ ಅಂಕಿ ಸಿಗುತ್ತದೆ, ಹೊಟ್ಟೆಯಲ್ಲಿ ಆಗುವುದು ಮಾತ್ರ ಪೂರ್ತಿ ಬೇರೆ.

ಗ್ಯಾಸ್ ‘ಹೆಚ್ಚಾಗಿದೆ’ ಎನ್ನುವ ಮೊದಲು ಸಾಮಾನ್ಯ ಪ್ರಮಾಣವೆಷ್ಟು ಎಂದು ತಿಳಿದಿರಬೇಕು. 1991ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತರು ತಮ್ಮ ಎಂದಿನ ಊಟದ ಜೊತೆ 200 ಗ್ರಾಂ ಬೇಯಿಸಿದ ಬೀನ್ಸ್ ಕಾಳು ತಿಂದಾಗ ಇಪ್ಪತ್ನಾಲ್ಕು ಗಂಟೆಗಳಲ್ಲಿ ಹೊರಬಿಟ್ಟ ಗ್ಯಾಸಿನ ಪ್ರಮಾಣ ಸುಮಾರು 500 ಮಿಲಿಲೀಟರಿನಿಂದ 1,500 ಮಿಲಿಲೀಟರಿನವರೆಗೆ ಇತ್ತು. ನಾರೇ ಇಲ್ಲದ ದ್ರವಾಹಾರ ಕೊಟ್ಟಾಗ ಅದು ಸುಮಾರು 200 ಮಿಲಿಲೀಟರಿಗೆ ಇಳಿಯಿತು. ಒಂದೇ ಬಗೆಯ ಊಟಕ್ಕೆ ಆರೋಗ್ಯವಂತರ ನಡುವೆಯೇ ಮೂರು ಪಟ್ಟು ಅಂತರವಿದೆ ಎಂದಮೇಲೆ, ಪಕ್ಕದವರ ಹೊಟ್ಟೆಯೊಡನೆ ಹೋಲಿಸಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ. ಹೊರಬರುವ ಗ್ಯಾಸಿನ ಶೇಕಡಾ 99ಕ್ಕಿಂತ ಹೆಚ್ಚು ಭಾಗಕ್ಕೆ ವಾಸನೆಯೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಬಹುದು. ವಾಸನೆ ಬರುವುದು ಗಂಧಕ ಬೆರೆತ ಅನಿಲಗಳ ಅತ್ಯಲ್ಪ ಪಾಲಿನಿಂದ, ಹಾಗಾಗಿ ವಾಸನೆ ಜೋರಾಗಿದ್ದ ಮಾತ್ರಕ್ಕೆ ಗ್ಯಾಸ್ ಹೆಚ್ಚಾಗಿದೆ ಎಂದಾಗುವುದಿಲ್ಲ.

ಇನ್ನು ಹುಟ್ಟಿದ ಜಲಜನಕ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಕರುಳು ಹೊಂದಿಕೊಳ್ಳುವ ಬಗೆ ಅರ್ಥವಾಗುವುದು ಇಲ್ಲಿಯೇ. ಅದಕ್ಕೆ ಮೂರು ದಾರಿಗಳಿವೆ. ಒಂದು ಭಾಗ ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಸದ್ದಿಲ್ಲದೆ ಹೊರಹೋಗುತ್ತದೆ. ಉಸಿರಿನಲ್ಲಿ ಜಲಜನಕ ಅಳೆಯುವ ವೈದ್ಯಕೀಯ ಪರೀಕ್ಷೆ ನಿಂತಿರುವುದೇ ಇದರ ಮೇಲೆ. ಇನ್ನೊಂದು ಭಾಗ ಗುದದ್ವಾರದಿಂದ ಹೊರಬೀಳುತ್ತದೆ. ಉಳಿದ ದೊಡ್ಡ ಭಾಗವನ್ನು ಕರುಳಿನಲ್ಲೇ ಇರುವ ಬೇರೆ ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ.

ಈ ಮೂರನೆಯ ದಾರಿಯ ಲೆಕ್ಕ ಕುತೂಹಲಕರ. ಮೀಥೇನ್ ತಯಾರಿಸುವ ಸೂಕ್ಷ್ಮಾಣುಗಳು ನಾಲ್ಕು ಪಾಲು ಜಲಜನಕವನ್ನು ಒಂದು ಪಾಲು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಒಂದೇ ಪಾಲು ಮೀಥೇನ್ ಮಾಡುತ್ತವೆ. ಐದು ಲೋಟ ಗ್ಯಾಸ್ ಇದ್ದದ್ದು ಒಂದು ಲೋಟವಾಗುತ್ತದೆ. ಅಸಿಟೇಟ್ ತಯಾರಿಸುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇದಕ್ಕಿಂತ ಮುಂದೆ ಹೋಗುತ್ತದೆ: ನಾಲ್ಕು ಪಾಲು ಜಲಜನಕ ಮತ್ತು ಎರಡು ಪಾಲು ಇಂಗಾಲದ ಡೈಆಕ್ಸೈಡ್ ಸೇರಿ ಅಸಿಟಿಕ್ ಆಮ್ಲವಾಗುತ್ತವೆ, ಅಂದರೆ ಆರು ಪಾಲು ಗ್ಯಾಸಿನಲ್ಲಿ ಗ್ಯಾಸಾಗಿ ಉಳಿಯುವುದು ಏನೂ ಇಲ್ಲ. ಮೂರನೆಯ ಗುಂಪು ಜಲಜನಕವನ್ನು ಗಂಧಕದ ಸಂಯುಕ್ತಗಳೊಡನೆ ಸೇರಿಸಿ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಆಗ ಗ್ಯಾಸಿನ ಪ್ರಮಾಣ ಇಳಿದರೂ ಕೊಳೆತ ಮೊಟ್ಟೆಯ ವಾಸನೆ ಏರುತ್ತದೆ. ಯಾರ ಕರುಳಿನಲ್ಲಿ ಯಾವ ಗುಂಪು ಬಲವಾಗಿದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಮೀಥೇನ್ ತಯಾರಿಸುವವು ಎಲ್ಲರಲ್ಲೂ ಗಮನಾರ್ಹ ಸಂಖ್ಯೆಯಲ್ಲಿ ಇರುವುದಿಲ್ಲ, ಅವು ಹೆಚ್ಚಿರುವವರಲ್ಲಿ ಮಲಬದ್ಧತೆ ಹೆಚ್ಚು ಕಂಡುಬರುತ್ತದೆ ಎಂಬುದೂ ಗೊತ್ತಿರುವ ಸಂಗತಿ.

ಊಟ ಬದಲಾದರೆ ಕರುಳಿನ ಬ್ಯಾಕ್ಟೀರಿಯಾ ಸಮುದಾಯದಲ್ಲಿ ಬದಲಾವಣೆ ಒಂದೆರಡು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಿಂದ ತಿಳಿಯಿತು. ಆದರೆ ಸಮುದಾಯ ಬದಲಾಗುವುದು ಒಂದು, ಅದರಿಂದ ಗ್ಯಾಸಿನ ಜಮಾ-ಖರ್ಚು ಸರಿದೂಗುವುದು ಇನ್ನೊಂದು. ಬಾರ್ಸಿಲೋನಾದ ಸಂಶೋಧಕರು ಆರೋಗ್ಯವಂತರಿಗೆ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್ ಎಂಬ ಹುದುಗುವ ನಾರನ್ನು ದಿನವೂ ಸುಮಾರು ಮೂರು ಗ್ರಾಮಿನಷ್ಟು ಕೊಟ್ಟು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ ಗ್ಯಾಸಿನ ಪ್ರಮಾಣ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತು. ಅದೇ ನಾರು ಮುಂದುವರಿದರೂ ಮೂರು ವಾರಗಳ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯಿತು. ತಿನ್ನುವುದು ನಿಂತಿಲ್ಲ, ಹುದುಗುವಿಕೆಯೂ ನಿಂತಿಲ್ಲ, ಗ್ಯಾಸ್ ಮಾತ್ರ ಕಡಿಮೆಯಾಗಿದೆ. ಗ್ಯಾಸ್ ಕಡಿಮೆ ಬಿಡುವ ಹುದುಗುವಿಕೆಯ ಮಾರ್ಗಗಳು ಮತ್ತು ಗ್ಯಾಸ್ ತಿನ್ನುವ ಬ್ಯಾಕ್ಟೀರಿಯಾಗಳು ಬಲಗೊಂಡಿರುವುದೇ ಇದಕ್ಕೆ ಒಪ್ಪುವ ವಿವರಣೆ. ದಿನಕ್ಕೆ ಅರ್ಧ ಕಪ್ ಕಾಳು ತಿನ್ನಿಸಿ ಮಾಡಿದ ಅಮೆರಿಕದ ಪ್ರಯೋಗಗಳಲ್ಲೂ (2011) ಇದೇ ರೀತಿಯ ಚಿತ್ರ ಸಿಕ್ಕಿತು. ಮೊದಲ ವಾರದಲ್ಲೇ ಗ್ಯಾಸ್ ಹೆಚ್ಚಿತು ಎಂದವರು ಅರ್ಧಕ್ಕಿಂತ ಕಡಿಮೆ, ವಾರಗಳು ಕಳೆದಂತೆ ಅವರ ಸಂಖ್ಯೆಯೂ ಇಳಿಯುತ್ತ ಹೋಯಿತು. ಅಲಸಂದೆ ತಿಂದವರಲ್ಲಂತೂ ಶುರುವಿನಲ್ಲೇ ಐವರಲ್ಲಿ ಒಬ್ಬರಿಗೆ ಮಾತ್ರ ಗ್ಯಾಸ್ ಹೆಚ್ಚಾಗಿತ್ತು. ಕಾಳು ಎಂದ ಕೂಡಲೇ ಹೆದರುವವರು ಈ ಅಂಕಿಯನ್ನು ಗಮನಿಸಬೇಕು.

ಗ್ಯಾಸ್ ಹುಟ್ಟುವುದೊಂದೇ ನೋವಿಗೆ ಕಾರಣವಲ್ಲ. ಆರೋಗ್ಯವಂತರ ಸಣ್ಣ ಕರುಳಿಗೆ ನಳಿಕೆಯ ಮೂಲಕ ಗ್ಯಾಸ್ ಹಾಯಿಸಿ ಮಾಡಿದ ಪ್ರಯೋಗಗಳಲ್ಲಿ, ಒಳಹೋದಷ್ಟೂ ಗ್ಯಾಸನ್ನು ಕರುಳು ಹೆಚ್ಚು ತೊಂದರೆಯಿಲ್ಲದೆ ಮುಂದಕ್ಕೆ ಸಾಗಿಸಿ ಹೊರಹಾಕಿತು. ಕರುಳು ಸೂಕ್ಷ್ಮವಾಗಿರುವವರಲ್ಲಿ ಅಷ್ಟೇ ಗ್ಯಾಸ್ ಅಲ್ಲಲ್ಲಿ ತಂಗಿ ನೋವು ತಂದಿತು. ಗ್ಯಾಸ್ ಒಂದೆಡೆ ಸಿಕ್ಕಿಕೊಂಡು ಕರುಳಿನ ಗೋಡೆಯನ್ನು ಹಿಗ್ಗಿಸಿದಾಗ, ಅದರ ಸ್ನಾಯುಗಳು ಅದನ್ನು ದೂಡಲು ಬಲವಾಗಿ ಕುಗ್ಗುತ್ತವೆ. ಆ ಹಿಗ್ಗುವಿಕೆ ಮತ್ತು ಕುಗ್ಗುವಿಕೆಯೇ ನಮಗೆ ನುಲಿತವಾಗಿ ತಿಳಿಯುತ್ತದೆ. ದೊಡ್ಡ ಕರುಳು ಎಡ ಪಕ್ಕೆಲುಬಿನ ಕೆಳಗೆ ಚೂಪಾಗಿ ತಿರುಗುವ ಜಾಗ ಇದಕ್ಕೆ ಹೆಸರುವಾಸಿ, ಅಲ್ಲಿ ತಂಗಿದ ಗ್ಯಾಸಿನ ನೋವು ಕೆಲವೊಮ್ಮೆ ಎದೆನೋವಿನಂತೆಯೇ ತೋರುತ್ತದೆ. (ಹಾಗೆಂದು ಎದೆನೋವನ್ನೆಲ್ಲ ಗ್ಯಾಸ್ ಎಂದು ತಳ್ಳಿಹಾಕುವುದು ಅಪಾಯ. ಬೆವರು, ಏದುಸಿರು ಇದ್ದರೆ, ನೋವು ತೋಳು ಅಥವಾ ದವಡೆಗೆ ಹರಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.) ಹೊಟ್ಟೆ ಮುಂದಕ್ಕೆ ಉಬ್ಬಿ ಕಾಣುವುದರ ಹಿಂದೆಯೂ ಗ್ಯಾಸಿನ ಪ್ರಮಾಣವೊಂದೇ ಇರುವುದಿಲ್ಲ. ಒಳಗಿನ ಹಿಗ್ಗುವಿಕೆಗೆ ತಪ್ಪು ಪ್ರತಿಕ್ರಿಯೆಯಾಗಿ ವಪೆ ಕೆಳಗಿಳಿದು ಹೊಟ್ಟೆಯ ಮುಂಭಾಗದ ಸ್ನಾಯುಗಳು ಸಡಿಲಗೊಂಡರೆ, ಸ್ವಲ್ಪವೇ ಗ್ಯಾಸ್ ಇದ್ದರೂ ಸೊಂಟದ ಪಟ್ಟಿ ಬಿಗಿಯಾಗುತ್ತದೆ.

ಇದೆಲ್ಲ ಒಂದೇ ದಿನದಲ್ಲಿ ಹೇಗೆ ಕೂಡಿಬರುತ್ತದೆ ಎಂದು ನೋಡಲು, ದಿನಕ್ಕೆ ಸುಮಾರು 14 ಗ್ರಾಂ ನಾರು ತಿನ್ನುತ್ತಿದ್ದವರೊಬ್ಬರು ಸೋಮವಾರದಿಂದ ಊಟ ಬದಲಿಸಿದರು ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಎಂಟಕ್ಕೆ 50 ಗ್ರಾಂ ಓಟ್ಸ್, ಅದರ ಮೇಲೆ 10 ಗ್ರಾಂ ಗೋಧಿ ತೌಡು ಮತ್ತು ಒಂದು ಸೇಬು: ಒಟ್ಟು 13 ಗ್ರಾಂ ನಾರು. ಮಧ್ಯಾಹ್ನ ಒಂದಕ್ಕೆ 150 ಗ್ರಾಂ ಬೇಯಿಸಿದ ರಾಜ್ಮಾ: ಸುಮಾರು 10 ಗ್ರಾಂ. ಸಂಜೆ ನಾಲ್ಕಕ್ಕೆ ಪಾನೀಯದಲ್ಲಿ ಬೆರೆಸಿದ ಇನುಲಿನ್ ಪುಡಿ: 8 ಗ್ರಾಂ. ರಾತ್ರಿ ಎಂಟಕ್ಕೆ ಇಡೀ ಗೋಧಿಯ ಬ್ರೆಡ್ ಮತ್ತು ತರಕಾರಿ: 8 ಗ್ರಾಂ. ಕೂಡಿದರೆ 39 ಗ್ರಾಂ, ಅಂದರೆ ಒಂದೇ ದಿನದಲ್ಲಿ 25 ಗ್ರಾಂ ಏರಿಕೆ. ಮಧ್ಯಾಹ್ನದ ಕಾಳು ದೊಡ್ಡ ಕರುಳನ್ನು ಮುಟ್ಟುವುದು ಸಂಜೆ ಐದರಿಂದ ಏಳರೊಳಗೆ. ದ್ರವರೂಪದಲ್ಲಿ ಕುಡಿದ ಇನುಲಿನ್ ಬೇಗ ಇಳಿದು ಅದರ ಬೆನ್ನಿಗೇ ಬಂದು ಸೇರುತ್ತದೆ. ಬೇಗ ಹುದುಗುವ ಎರಡೂ ವಸ್ತುಗಳು ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಗ್ಯಾಸ್ ಬಿಡುತ್ತಿರುವಾಗ ಎಂಟರ ಊಟ ಹೊಟ್ಟೆಗೆ ಬೀಳುತ್ತದೆ. ಜಠರ ತುಂಬಿದೊಡನೆ ದೊಡ್ಡ ಕರುಳಿನ ಚಲನೆ ಹೆಚ್ಚುವುದು ದೇಹದ ಸಹಜ ಪ್ರತಿಕ್ರಿಯೆ. ಈಗಾಗಲೇ ಹಿಗ್ಗಿರುವ ಕರುಳು ಆಗ ಬಲವಾಗಿ ಕುಗ್ಗುತ್ತದೆ. ರಾತ್ರಿ ಒಂಬತ್ತರ ನುಲಿತಕ್ಕೆ ರಾತ್ರಿಯೂಟದ ಬ್ರೆಡ್ಡನ್ನು ದೂರುವವರು ಬಹಳ, ಆದರೆ ಆ ಹೊತ್ತಿಗೆ ಅದಿನ್ನೂ ಜಠರದಲ್ಲೇ ಇರುತ್ತದೆ. ದೊಡ್ಡ ಕರುಳಿನಲ್ಲಿ ಮಲ ಒಂದೆರಡು ದಿನ ತಂಗುವುದರಿಂದ ಮಂಗಳವಾರದ ನಾರು ಸೋಮವಾರದ ಉಳಿಕೆಯ ಹಿಂದೆ ಬಂದು ನಿಲ್ಲುತ್ತದೆ. ಮೊದಲ ದಿನಕ್ಕಿಂತ ಮೂರನೆಯ ದಿನ ಹೆಚ್ಚು ಕಷ್ಟವಾಗಿ ತೋರುವುದಕ್ಕೆ ಇದೂ ಒಂದು ಕಾರಣ.

ಇವರು ಮಾಡಬೇಕಾದದ್ದು ನಾರನ್ನೆಲ್ಲ ಬಿಡುವುದಲ್ಲ, ಬೇಗ ಹುದುಗುವ ಭಾಗವನ್ನು ಹಿಂದೆಗೆದು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ನನ್ನ ಎಣಿಕೆಯಲ್ಲಿ ಮೊದಲು ಹೋಗಬೇಕಾದದ್ದು ಇನುಲಿನ್ ಪುಡಿ. ಊಟದ ನಾರು ಇತರ ಆಹಾರದೊಳಗೆ ಅಡಗಿಕೊಂಡು ನಿಧಾನವಾಗಿ ಕರುಳಿಗೆ ಸಿಗುತ್ತದೆ, ಪುಡಿಗೆ ಅಂಥ ತಡೆಯೇ ಇಲ್ಲ. ಮೊದಲ ವಾರ ಹಳೆಯ ಊಟಕ್ಕೆ ಓಟ್ಸ್ ಒಂದನ್ನೇ ಸೇರಿಸಿದರೆ 14 ಗ್ರಾಂ 19 ಆಗುತ್ತದೆ. ಎರಡನೆಯ ವಾರ ಸೇಬು ಮತ್ತು ಎರಡು ಚಮಚದಷ್ಟು ಬೆಂದ ಕಾಳು ಸೇರಿದರೆ 25ರ ಹತ್ತಿರ ಬರುತ್ತದೆ. ಮೂರನೆಯ ವಾರ ಅಥವಾ ಹೊಟ್ಟೆ ಒಪ್ಪದಿದ್ದರೆ ಅದರ ಮುಂದಿನ ವಾರ, ಕಾಳನ್ನು 75 ಗ್ರಾಮಿಗೆ ಏರಿಸಿ ಬಿಳಿ ಬ್ರೆಡ್ಡಿನ ಬದಲು ಇಡೀ ಗೋಧಿಯದನ್ನು ತಂದರೆ 30 ಗ್ರಾಂ ತಲುಪಬಹುದು. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ ಎಂದು, 39ನ್ನು ಮುಟ್ಟಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಒಂದು ಮೆಟ್ಟಿಲಿನಲ್ಲಿ ತೊಂದರೆ ಹೆಚ್ಚಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಒಂದು ವಾರ ಅಲ್ಲೇ ನಿಲ್ಲುವುದು ಸಾಕು.

ಪ್ರಮಾಣದಷ್ಟೇ ಹಂಚಿಕೆಯೂ ಮುಖ್ಯ. ಗ್ಯಾಸ್ ನಿಧಾನವಾಗಿ ಹುಟ್ಟಿದಾಗ ಅದರ ಹೆಚ್ಚಿನ ಪಾಲು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ, ಒಮ್ಮೆಲೇ ಹುಟ್ಟಿದಾಗ ಹೆಚ್ಚಿನ ಪಾಲು ಕೆಳದಾರಿ ಹಿಡಿಯುತ್ತದೆ. ಆದ್ದರಿಂದ ಅದೇ ಕಾಳನ್ನು ಎರಡು ಊಟಗಳಿಗೆ ಹಂಚಿದರೆ ಒಟ್ಟು ನಾರು ಬದಲಾಗದಿದ್ದರೂ ತೊಂದರೆ ಕಡಿಮೆಯಾಗುತ್ತದೆ. ವಾರದಲ್ಲಿ ಒಂದೇ ದಿನ ದೊಡ್ಡ ಬಟ್ಟಲು ಕಾಳು ತಿನ್ನುವವರ ಹೊಟ್ಟೆ ಪ್ರತಿ ಸಲವೂ ಹೊಸದಾಗಿ ಎದುರಿಸಿದಂತೆ ವರ್ತಿಸುವುದರಲ್ಲಿ ಆಶ್ಚರ್ಯವಿಲ್ಲ. ಗ್ಯಾಸ್ ತಿನ್ನುವ ಗುಂಪು ಬೆಳೆದು ನಿಲ್ಲಲು ಅದಕ್ಕೆ ದಿನವೂ ಆಹಾರ ಬೇಕು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ರ‍್ಯಾಫಿನೋಸ್ ಜಾತಿಯ ಶರ್ಕರಗಳ ಒಂದು ಭಾಗ ನೀರಿನೊಡನೆ ಹೋಗುತ್ತದೆ. ಆಲ್ಫಾ-ಗ್ಯಾಲಕ್ಟೋಸಿಡೇಸ್ ಮಾತ್ರೆಯನ್ನು ಮೊದಲ ತುತ್ತಿನೊಡನೆ ತೆಗೆದುಕೊಂಡರೆ ಅದೂ ಈ ಶರ್ಕರಗಳ ಮೇಲೆ ಕೆಲಸ ಮಾಡುತ್ತದೆ, ಆದರೆ ಇನುಲಿನ್ ಮೇಲೆ ಅದರ ಆಟ ನಡೆಯುವುದಿಲ್ಲ. ಇಸಬ್ಗೋಲಿನ ಬಗ್ಗೆ 2022ರಲ್ಲಿ ನಾಟಿಂಗ್‌ಹ್ಯಾಮ್‌ನಿಂದ ಒಂದು ಉಪಯುಕ್ತ ಫಲಿತಾಂಶ ಬಂದಿತು. ಕರುಳು ಅತಿಸೂಕ್ಷ್ಮವಾಗಿ ಹೊಟ್ಟೆನೋವು, ಮಲದ ಏರುಪೇರು ಮರುಕಳಿಸುವ ಇರಿಟಬಲ್ ಬವೆಲ್ ಸಿಂಡ್ರೋಮ್ ಇರುವವರಿಗೆ ಇನುಲಿನ್ ಜೊತೆ ಇಸಬ್ಗೋಲನ್ನೂ ಕೊಟ್ಟಾಗ ಕರುಳಿನ ಗ್ಯಾಸ್ ಏರಿಕೆ ತಗ್ಗಿದ್ದು ಎಂಆರ್‌ಐ ಚಿತ್ರಗಳಲ್ಲಿ ಕಂಡಿತು. ಲೋಳೆಯಾಗುವ ನಾರು ಬೇಗ ಹುದುಗುವ ನಾರಿನ ವೇಗವನ್ನು ತಡೆಯಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಇಸಬ್ಗೋಲನ್ನು ಮಾತ್ರ ತುಂಬು ಲೋಟ ನೀರಿಲ್ಲದೆ ನುಂಗಬಾರದು, ಅದು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡ ಪ್ರಸಂಗಗಳಿವೆ.

ಉಪ್ಪಿನ ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ರಕ್ತದೊತ್ತಡಕ್ಕಾಗಿ 412 ಮಂದಿಯ ಮೇಲೆ ನಡೆಸಿದ ಡ್ಯಾಶ್-ಸೋಡಿಯಂ ಪ್ರಯೋಗದ ದಾಖಲೆಗಳನ್ನು 2019ರಲ್ಲಿ ಮರುಪರಿಶೀಲಿಸಿದಾಗ, ನಾರು ಹೆಚ್ಚಿದ್ದ ಊಟದಲ್ಲಿ ಹೊಟ್ಟೆ ಉಬ್ಬರದ ದೂರು ಸುಮಾರು ಶೇಕಡಾ 40ರಷ್ಟು ಹೆಚ್ಚಿತ್ತು, ಉಪ್ಪು ತಗ್ಗಿಸಿದಾಗ ಉಬ್ಬರವೂ ತಗ್ಗಿತ್ತು.

ತೊಂದರೆ ಯಾವುದರಿಂದ ಎಂದು ಗುರುತಿಸಲು ಗಡಿಯಾರವೇ ಒಳ್ಳೆಯ ಸಾಧನ. ತಿಂದ ಒಂದೆರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟಿ ಮಲ ತೆಳುವಾದರೆ, ನೀರನ್ನು ಕರುಳಿನೊಳಕ್ಕೆ ಎಳೆಯುವ ಹಣ್ಣಿನ ಸಕ್ಕರೆ, ಸಕ್ಕರೆರಹಿತ ತಿನಿಸುಗಳ ಸಾರ್ಬಿಟಾಲ್ ಅಥವಾ ಹಾಲಿನ ಲ್ಯಾಕ್ಟೋಸ್ ಮೇಲೆ ಅನುಮಾನ ಹೋಗಬೇಕು. ಐದಾರು ಗಂಟೆ ಕಳೆದು ಉಬ್ಬರ ಬಂದರೆ ಕಾಳು, ಈರುಳ್ಳಿ, ಇನುಲಿನ್ ಕಡೆ ನೋಡಬೇಕು. ಗ್ಯಾಸ್ ಹೆಚ್ಚೇನಿಲ್ಲ, ಆದರೆ ಮಲ ಗಟ್ಟಿಯಾಗಿ ಎರಡು ಮೂರು ದಿನಕ್ಕೊಮ್ಮೆ ಹೋಗುತ್ತಿದೆ ಎಂದರೆ ಒರಟು ನಾರಿಗೆ ತಕ್ಕ ನೀರು ಸಿಕ್ಕಿಲ್ಲ, ಅಥವಾ ಕರುಳಿನ ಚಲನೆಯೇ ನಿಧಾನವಾಗಿದೆ. ಎರಡನೆಯ ಪಕ್ಷದಲ್ಲಿ ನಾರು ಏರಿಸಿದಷ್ಟೂ ಕಷ್ಟ ಏರುತ್ತದೆ. ಇದೇ ದಿನಗಳಲ್ಲಿ ಮಧುಮೇಹಕ್ಕೆಂದು ಮೆಟ್‌ಫಾರ್ಮಿನ್ ಅಥವಾ ಅಕಾರ್ಬೋಸ್ ಶುರುಮಾಡಿದ್ದರೆ ಆ ಔಷಧಗಳೂ ಇಂಥದೇ ಲಕ್ಷಣಗಳನ್ನು ತರುತ್ತವೆ ಎಂಬುದನ್ನು ಮರೆಯಬಾರದು.

ಹೊಂದಿಕೊಳ್ಳುವಿಕೆಗೆ ಒಂದು ಮಿತಿಯಿದೆ. ಪ್ರಮಾಣವನ್ನು ಸ್ಥಿರವಾಗಿಟ್ಟ ಮೇಲೂ ನಾಲ್ಕರಿಂದ ಆರು ವಾರಗಳಲ್ಲಿ ತೊಂದರೆ ಇಳಿಮುಖವಾಗದಿದ್ದರೆ ಅದನ್ನು ‘ಒಗ್ಗಿಕೊಳ್ಳುತ್ತಿದೆ’ ಎಂದು ಕರೆಯಲಾಗದು. ಇರಿಟಬಲ್ ಬವೆಲ್ ಸಿಂಡ್ರೋಮ್, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಅತಿಬೆಳವಣಿಗೆ, ಗೋಧಿಯ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಮುಂತಾದವುಗಳ ವಿಚಾರಣೆ ಆಗಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ವಾರಗಳನ್ನು ಎಣಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು. ಹೊಟ್ಟೆ ಬಿಗಿದು ವಾಂತಿಯಾಗುತ್ತ, ಮಲವೂ ಗ್ಯಾಸೂ ಹೋಗುವುದು ಪೂರ್ತಿ ನಿಂತರೆ ಅದು ಕರುಳು ಕಟ್ಟಿಕೊಂಡಿರುವುದರ ಲಕ್ಷಣ, ಅಂದೇ ಆಸ್ಪತ್ರೆಗೆ ಹೋಗಬೇಕು. ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕ್ರೋನ್ ಕಾಯಿಲೆ ಅಥವಾ ಹಳೆಯ ಶಸ್ತ್ರಚಿಕಿತ್ಸೆಯಿಂದ ಕರುಳು ಕಿರಿದಾಗಿರುವವರು ಮತ್ತು ಜಠರ ನಿಧಾನವಾಗಿ ಖಾಲಿಯಾಗುವವರು ವೈದ್ಯರನ್ನು ಕೇಳದೆ ನಾರು ಏರಿಸಬಾರದು. ಇನ್ನು ಇಡೀ ಗೋಧಿ ಶುರುಮಾಡಿದ ಮೇಲೆ ತೊಂದರೆ ಬಂತೆಂದು ಗೋಧಿಯನ್ನೇ ಬಿಡಲು ಹೊರಡುವವರು, ಅದನ್ನು ಬಿಡುವ ಮೊದಲೇ ಸೀಲಿಯಾಕ್‌ನ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಗೋಧಿ ನಿಲ್ಲಿಸಿ ಕೆಲವು ವಾರ ಕಳೆದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದೇ ಬರಬಹುದು.